ವೆರಿಲಾಗ್‌ನಲ್ಲಿ ಬ್ಲಾಕಿಂಗ್ ಮತ್ತು ನಾನ್‌ಬ್ಲಾಕಿಂಗ್ ನಿಯೋಜನೆ

ವೆರಿಲಾಗ್ ಯಂತ್ರಾಂಶ ವಿವರಣಾ ಭಾಷೆಯ `always` ಖಂಡದಲ್ಲಿ ಎರಡು ಬಗೆಯ ನಿಯೋಜನೆಗಳನ್ನು ಬಳಸಲಾಗುತ್ತದೆ. ಬ್ಲಾಕಿಂಗ್ ನಿಯೋಜನೆಯಲ್ಲಿ (`=`) ಎಡಬದಿಯ ಬೆಲೆ ಕೂಡಲೇ ಬದಲಾಗುತ್ತದೆ. ಅನಂತರವೇ ಮುಂದಿನ ಸಾಲು ನಡೆಯುತ್ತದೆ. ನಾನ್‌ಬ್ಲಾಕಿಂಗ್ ನಿಯೋಜನೆಯಲ್ಲಿ (`<=`) ಬಲಬದಿಯ ಬೆಲೆಯನ್ನು ಆಗಲೇ ಲೆಕ್ಕಹಾಕಿದರೂ, ಆ ಕ್ಷಣದ ಇತರ ಸಕ್ರಿಯ ಘಟನೆಗಳು ಮುಗಿದ ಬಳಿಕವೇ ಎಡಬದಿ ಬದಲಾಗುತ್ತದೆ.

== ಶಿಫ್ಟ್ ರಿಜಿಸ್ಟರ್‌ನಲ್ಲಿ ದೋಷ ==

ಮೂರು ಹಂತಗಳ ಶಿಫ್ಟ್ ರಿಜಿಸ್ಟರನ್ನು ಹೀಗೆ ಬರೆದರೆ ಅದು ತಪ್ಪಾಗಿ ವರ್ತಿಸುತ್ತದೆ:

```verilog
always @(posedge clk) begin
  q1 = d;
  q2 = q1;
  q3 = q2;
end
```

ಆರಂಭದಲ್ಲಿ ಮೂರೂ 0 ಆಗಿದ್ದು, `d` ಒಂದು ಗಡಿಯಾರ ಆವರ್ತದ ಮಟ್ಟಿಗೆ 1 ಆಗಿದೆಯೆಂದು ಭಾವಿಸೋಣ. ಮೊದಲ ಏರಂಚಿನಲ್ಲಿ `q1` 1 ಆಗುತ್ತದೆ. ಎರಡನೆಯ ಸಾಲು ಈ ಹೊಸ ಬೆಲೆಯನ್ನೇ ಓದುವುದರಿಂದ `q2`, ಅದರಂತೆಯೇ `q3` ಕೂಡ 1 ಆಗುತ್ತವೆ. ತರಂಗಚಿತ್ರದಲ್ಲಿ ಮೂರೂ ಒಂದೇ ಅಂಚಿನಲ್ಲಿ ಏರುವುದೇ ಈ ದೋಷದ ಗುರುತು. ಮೂರು ಫ್ಲಿಪ್‌ಫ್ಲಾಪ್‌ಗಳ ವಿಳಂಬ ಒಂದಕ್ಕೆ ಇಳಿಯುತ್ತದೆ.

ಮೂರೂ ಸಾಲುಗಳಲ್ಲಿ `<=` ಬಳಸಿದರೆ ಪ್ರತಿ ಸಾಲೂ ಅಂಚಿಗೆ ಮುಂಚಿನ ಹಳೆಯ ಬೆಲೆಯನ್ನು ಓದುತ್ತದೆ. ಆಗ `q1 q2 q3` ಅನುಕ್ರಮವಾಗಿ 100, 010, 001 ಆಗುತ್ತವೆ.

== ಸಾಲುಗಳ ಕ್ರಮ ==

`=` ಇಟ್ಟುಕೊಂಡೇ ಸಾಲುಗಳನ್ನು `q3`ಯಿಂದ ಹಿಮ್ಮುಖವಾಗಿ ಬರೆದರೂ ಒಂದೇ ಖಂಡದೊಳಗೆ ಸರಿಯಾದ ಫಲಿತಾಂಶ ಬರುತ್ತದೆ. ಆದರೆ ಹಂತಗಳು ಬೇರೆ ಬೇರೆ `always` ಖಂಡಗಳಲ್ಲಿದ್ದರೆ, ಯಾವುದು ಮೊದಲು ನಡೆಯಬೇಕೆಂದು ಭಾಷೆಯ ಮಾನಕವು ನಿಗದಿಪಡಿಸುವುದಿಲ್ಲ. ಹೀಗಾಗಿ ಒಂದು ಸಿಮ್ಯುಲೇಟರ್‌ನಲ್ಲಿ ಸರಿಯಾಗಿ ನಡೆದ ವಿನ್ಯಾಸವು ಇನ್ನೊಂದರಲ್ಲಿ ತಪ್ಪು ಫಲಿತಾಂಶ ಕೊಡಬಹುದು. ಆದ್ದರಿಂದ ಗಡಿಯಾರದ ಅಂಚಿನಲ್ಲಿ ಬದಲಾಗುವ ರಿಜಿಸ್ಟರ್‌ಗಳಿಗೆ `<=`, ಸಂಯೋಜಿತ ತರ್ಕಕ್ಕೆ `=` ಬಳಸುವುದು ರೂಢಿ.