ಇಮ್ಕೊ ಪ್ರಕರಣ, 1959: ಭಾರತ ಗೆದ್ದದ್ದು ಏನನ್ನು?

1959ರ ಇಮ್ಕೊ ವಿವಾದದಲ್ಲಿ ಭಾರತದ ಘೋಷಣೆ ರಿಸರ್ವೇಷನ್ ಅಲ್ಲವೆಂದು ವಿಶ್ವಸಂಸ್ಥೆಯ ಮಹಾಸಭೆ ತೀರ್ಮಾನಿಸಿತು ಎಂದು ಬರೆಯುವ ವಾಡಿಕೆ ನಮ್ಮಲ್ಲಿದೆ. ಹಾಗೆ ಬರೆಯುವವರು ಗೊತ್ತುವಳಿಯ ಪಠ್ಯವನ್ನು ತೆರೆದು ನೋಡಿಲ್ಲವೆಂಬುದು ನನ್ನ ಗುಮಾನಿ.

ಅಂತರ-ಸರ್ಕಾರಿ ಸಾಗರಯಾನ ಸಲಹಾ ಸಂಸ್ಥೆಯ (ಇಂದಿನ ಐಎಂಒ) ಒಪ್ಪಂದಕ್ಕೆ ಭಾರತ ಸೇರಿದ್ದು 1959ರ ಜನವರಿಯಲ್ಲಿ, ಒಂದು ಘೋಷಣೆಯೊಂದಿಗೆ. ಸ್ವದೇಶಿ ಹಡಗು ಕಂಪನಿಗಳಿಗೆ ರಿಯಾಯಿತಿ ಬಡ್ಡಿಯ ಸಾಲ, ಸರ್ಕಾರಿ ಸರಕನ್ನು ಸ್ವದೇಶಿ ಹಡಗುಗಳಿಗೇ ಕೊಡುವುದು, ಕರಾವಳಿ ವ್ಯಾಪಾರವನ್ನು ಅವುಗಳಿಗೇ ಮೀಸಲಿಡುವುದು, ಇವೆಲ್ಲ ಒಪ್ಪಂದದ ಉದ್ದೇಶಗಳಿಗೆ ಹೊಂದುತ್ತವೆ ಎಂಬುದು ಅದರ ಮೊದಲ ಮಾತು. ಒಪ್ಪಂದದ 1(ಬಿ) ವಿಧಿಯೇ ರಾಷ್ಟ್ರೀಯ ನೌಕೋದ್ಯಮಕ್ಕೆ ಕೊಡುವ ನೆರವು ತಾನಾಗಿ ತಾರತಮ್ಯವಾಗದು ಎನ್ನುತ್ತದೆ. ಆದರೆ ಆ ನೆರವು ಎಲ್ಲ ಧ್ವಜಗಳ ಹಡಗುಗಳ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುವಂತಿರಬಾರದು. ಹಾಗಾಗಿ ಈ ಭಾಗವನ್ನು ಬರೀ ವ್ಯಾಖ್ಯಾನವೆಂದು ಓದಲು ಸಾಧ್ಯ.

ಗಂಟು ಇರುವುದು ಕೊನೆಯ ವಾಕ್ಯದಲ್ಲಿ. ಒಪ್ಪಂದ ಸ್ವೀಕರಿಸುವುದರಿಂದ ಭಾರತದಲ್ಲಿ ಜಾರಿಯಲ್ಲಿರುವ ಕಾನೂನು ಯಾವ ರೀತಿಯಲ್ಲೂ ಬದಲಾಗದು ಎಂದು ಅದು ಹೇಳುತ್ತದೆ. ಇದನ್ನು ವ್ಯಾಖ್ಯಾನ ಎನ್ನುವುದು ಕಷ್ಟ. ಹೆಸರು ಏನೇ ಇರಲಿ, ವಿಧಿಗಳ ಕಾನೂನು ಪರಿಣಾಮವನ್ನು ತನ್ನ ಮಟ್ಟಿಗೆ ಬಿಡುವ ಅಥವಾ ಬದಲಿಸುವ ಹೇಳಿಕೆಯೇ ರಿಸರ್ವೇಷನ್ ಎಂದು 1969ರ ವಿಯೆನ್ನಾ ಒಪ್ಪಂದ ಮುಂದೆ ಹೇಳಿತು. (ಹತ್ತು ವರ್ಷದ ನಂತರದ ನಿಯಮವನ್ನು ಹಿಂದಕ್ಕೆ ಎಳೆಯಬಾರದೆಂಬ ಆಕ್ಷೇಪ ಸರಿಯೇ, ಆದರೆ ಪರಿಣಾಮ ನೋಡಿ ತೂಗುವುದು 1959ರಲ್ಲೂ ಹೊಸದಾಗಿರಲಿಲ್ಲ.) ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಈ ಹೇಳಿಕೆಯನ್ನು ರಿಸರ್ವೇಷನ್ ಎಂದೇ ನೋಡಿ, ವಿಷಯವನ್ನು ಇಮ್ಕೊಗೆ ಒಪ್ಪಿಸಿದ್ದರಲ್ಲಿ ದುರುದ್ದೇಶವೇನೂ ಇರಲಿಲ್ಲ.

ಇನ್ನು ಮಹಾಸಭೆಯ ಗೊತ್ತುವಳಿ. 1959ರ ಡಿಸೆಂಬರ್ 7ರ 1452ನೇ ಗೊತ್ತುವಳಿಯ ಮೊದಲ ಭಾಗ, ಇದು ನೀತಿಯ ಘೋಷಣೆ, ರಿಸರ್ವೇಷನ್ ಅಲ್ಲ ಎಂದು ಭಾರತದ ಪ್ರತಿನಿಧಿ ಆರನೇ ಸಮಿತಿಯಲ್ಲಿ ಕೊಟ್ಟ ವಿವರಣೆಯನ್ನು ಉಲ್ಲೇಖಿಸುತ್ತದೆ. ತಾನೂ ಹಾಗೆಂದು ತೀರ್ಮಾನಿಸಿತು ಎನ್ನುವುದಿಲ್ಲ. ಭಾರತದ ಸ್ಥಾನವನ್ನು ಕ್ರಮಬದ್ಧಗೊಳಿಸಲು ಇಮ್ಕೊದಲ್ಲಿ ಬೇಗ ಪರಿಹಾರ ಸಿಗಲಿ ಎಂದು ಆಶಿಸುತ್ತದೆ, ಅಷ್ಟೇ. ಸ್ಥಾನ ಕ್ರಮಬದ್ಧವೇ ಆಗಿದ್ದರೆ ಈ ಆಶಯ ಏಕೆ ಬೇಕಿತ್ತು?

ಪರಿಹಾರ ಬಂದದ್ದು 1960ರ ಮಾರ್ಚ್‌ನಲ್ಲಿ. ಇಮ್ಕೊದ ಮಂಡಳಿ ಅದೇ ವಿವರಣೆಯನ್ನು ಗಮನಿಸಿ ಭಾರತವನ್ನು ಸದಸ್ಯನೆಂದು ಪರಿಗಣಿಸಿತು. ಈ ತೀರ್ಮಾನ ಸಂಸ್ಥೆಯೊಳಗೇ ಆಗಬೇಕಿತ್ತು. ನರಮೇಧ ಒಪ್ಪಂದದ ಕುರಿತ 1951ರ ಸಲಹಾಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ರಿಸರ್ವೇಷನ್ನಿಗೆ ಆಕ್ಷೇಪಿಸಿದ ರಾಷ್ಟ್ರಕ್ಕೂ ಆಕ್ಷೇಪಿಸದ ರಾಷ್ಟ್ರಕ್ಕೂ ಬೇರೆ ಬೇರೆ ಸಂಬಂಧಗಳಿಗೆ ದಾರಿ ಬಿಟ್ಟಿತ್ತು. ಸಂಸ್ಥೆಯೊಂದನ್ನು ಕಟ್ಟುವ ಒಪ್ಪಂದದಲ್ಲಿ ಅದು ನಡೆಯದು. ಒಂದೇ ಸಭೆಯಲ್ಲಿ ಕುಳಿತ ದೇಶ ಫ್ರಾನ್ಸಿಗೆ ಸದಸ್ಯ, ಜಪಾನಿಗೆ ಹೊರಗಿನವ ಎನ್ನಲಾಗದು. ಅದಕ್ಕೇ ವಿಯೆನ್ನಾ ಒಪ್ಪಂದದ 20(3) ವಿಧಿ, ಒಪ್ಪಂದವೇ ಬೇರೆ ಹೇಳದಿದ್ದರೆ, ಇಂಥಲ್ಲಿ ಸಂಸ್ಥೆಯ ಸಕ್ಷಮ ಅಂಗದ ಒಪ್ಪಿಗೆ ಬೇಕೆನ್ನುತ್ತದೆ.

ಭಾರತಕ್ಕೆ ಸಿಕ್ಕಿದ್ದು ಸದಸ್ಯತ್ವ. ಘೋಷಣೆಯ ಸ್ವರೂಪದ ಬಗ್ಗೆ ಮಹಾಸಭೆ ಯಾವ ತೀರ್ಪನ್ನೂ ಕೊಡಲಿಲ್ಲ.