ಹೋಲಿಕೆ ಕೋಷ್ಟಕ: ಮಳೆಗಾಲದ ಮೂರು ಜ್ವರಗಳ ಉಪನ್ಯಾಸ

ಲಕ್ಷಣಗಳಲ್ಲಿ ಒಂದನ್ನೊಂದು ಹೋಲುವ ರೋಗಗಳ ಬಗ್ಗೆ ಕೇಳಿದ ಉಪನ್ಯಾಸವನ್ನು ರೋಗಕ್ಕೊಂದು ಕಂಬಸಾಲು, ಗುಣಕ್ಕೊಂದು ಅಡ್ಡಸಾಲು ಇರುವಂತೆ ಒಂದು ಪುಟಕ್ಕೆ ಇಳಿಸುವುದನ್ನು ವೈದ್ಯಕೀಯ ಅಧ್ಯಯನದಲ್ಲಿ ಹೋಲಿಕೆ ಕೋಷ್ಟಕ ಎನ್ನುತ್ತಾರೆ. ಕರ್ನಾಟಕದ ಮಲೆನಾಡು ಮತ್ತು ಕರಾವಳಿಯ ವಿದ್ಯಾರ್ಥಿಗಳಿಗೆ ಡೆಂಗಿ, ಸ್ಕ್ರಬ್ ಟೈಫಸ್ ಮತ್ತು ಇಲಿ ಜ್ವರ ಇದಕ್ಕೆ ಒಳ್ಳೆಯ ಉದಾಹರಣೆ. ಮೂರೂ ಮಳೆಯ ಆಸುಪಾಸಿನಲ್ಲೇ ಹೆಚ್ಚುತ್ತವೆ. ಮೂರರಲ್ಲೂ ಜ್ವರ, ತಲೆನೋವು, ಮೈಕೈ ನೋವು ಇರುತ್ತದೆ, ಪ್ಲೇಟ್‌ಲೆಟ್ ಇಳಿಯಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಉಪನ್ಯಾಸ ಸಾಮಾನ್ಯವಾಗಿ ರೋಗದಿಂದ ರೋಗಕ್ಕೆ ಸಾಗುತ್ತದೆ. ಡೆಂಗಿಯ ಕಾರಣ, ಲಕ್ಷಣ, ಪರೀಕ್ಷೆ, ಚಿಕಿತ್ಸೆ ಮುಗಿದ ಮೇಲೆ ಸ್ಕ್ರಬ್ ಟೈಫಸ್, ಆಮೇಲೆ ಇಲಿ ಜ್ವರ. ಟಿಪ್ಪಣಿಯನ್ನು ಅದೇ ಕ್ರಮದಲ್ಲಿ ಮೂರು ಕಂಬಸಾಲುಗಳಿಗೆ ಸುರಿದರೆ ಕೋಷ್ಟಕದ ಆಕಾರವೇನೋ ಬರುತ್ತದೆ, ಹೋಲಿಕೆ ಬರುವುದಿಲ್ಲ. ಡೆಂಗಿಯ ಮನೆಯಲ್ಲಿ ‘ಹಠಾತ್ ಜ್ವರ’ ಎಂದೂ ಪಕ್ಕದ ಮನೆಯಲ್ಲಿ ‘ಎರಡು ವಾರದವರೆಗೆ ಜ್ವರ’ ಎಂದೂ ಬರೆದಿದ್ದರೆ, ಒಂದು ಜ್ವರ ಹೇಗೆ ಶುರುವಾಯಿತೆಂದು ಹೇಳುತ್ತಿದೆ, ಇನ್ನೊಂದು ಎಷ್ಟು ದಿನ ಇರುತ್ತದೆಂದು. ಆದ್ದರಿಂದ ಕೋಷ್ಟಕವನ್ನು ಅಡ್ಡವಾಗಿ ತುಂಬಬೇಕು: ಒಂದು ಪ್ರಶ್ನೆಯನ್ನು ಹಿಡಿದು ಮೂರೂ ರೋಗಗಳಿಗೆ ಅದೇ ಪ್ರಶ್ನೆಯನ್ನು ಕೇಳಿ ಮುಂದಿನ ಸಾಲಿಗೆ ಹೋಗಬೇಕು.

ಅದಕ್ಕೂ ಮೊದಲು ಅಳಿಸುವ ಕೆಲಸವಿದೆ. ಮೂರರಲ್ಲೂ ಒಂದೇ ಉತ್ತರ ಬರುವ ಸಂಗತಿಗಳಿಗೆ ಸಾಲು ಬೇಡ, ತಲೆಬರಹದ ಕೆಳಗೆ ಒಂದು ವಾಕ್ಯ ಸಾಕು. ಪ್ಲೇಟ್‌ಲೆಟ್ ಇಳಿಕೆಯನ್ನು ಹೀಗೆ ಸಾಲಿನಿಂದ ತೆಗೆಯಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ, ಏಕೆಂದರೆ ಡೆಂಗಿಯೆಂದರೆ ಪ್ಲೇಟ್‌ಲೆಟ್ ಎಂದು ಊರೆಲ್ಲ ಹೇಳುತ್ತದೆ. ಆದರೆ ಈ ಮೂರನ್ನು ಬೇರ್ಪಡಿಸುವಲ್ಲಿ ಆ ಸಂಖ್ಯೆಯಿಂದ ಸಹಾಯ ಕಡಿಮೆ. ಬಿಳಿ ರಕ್ತಕಣಗಳ ಎಣಿಕೆ ಅದಕ್ಕಿಂತ ಹೆಚ್ಚು ಹೇಳುತ್ತದೆ. ಉಳಿಸಿಕೊಳ್ಳಬೇಕಾದದ್ದು ಚಿಕಿತ್ಸೆಯ ದಾರಿ ಕವಲೊಡೆಯುವಲ್ಲಿ ಉಪಯೋಗಕ್ಕೆ ಬರುವ ಸಾಲುಗಳನ್ನು. ಹಾಗೆ ಸೋಸಿದ ಮೇಲೆ ಒಂದು ಗಂಟೆಯ ಉಪನ್ಯಾಸ ಇಷ್ಟಕ್ಕೆ ಇಳಿಯುತ್ತದೆ:

| | ಡೆಂಗಿ | ಸ್ಕ್ರಬ್ ಟೈಫಸ್ | ಇಲಿ ಜ್ವರ |
|---|---|---|---|
| ಎಲ್ಲಿಂದ | ಹಗಲು ಕಚ್ಚುವ ಈಡಿಸ್ ಸೊಳ್ಳೆ | ಪೊದೆ, ಹುಲ್ಲಿನ ನುಸಿಮರಿ | ಇಲಿ ಮೂತ್ರ ಬೆರೆತ ನೀರು, ಕೆಸರು |
| ಹುಡುಕಬೇಕಾದ ಗುರುತು | ಕಣ್ಣಿನ ಹಿಂದೆ ನೋವು, ಗಂದೆ | ನುಸಿ ಕಚ್ಚಿದಲ್ಲಿ ಕಪ್ಪು ಹಕ್ಕಳೆ (ಕೆಲವರಲ್ಲಿ ಇರದು) | ಮೀನಖಂಡ ಒತ್ತಿದರೆ ನೋವು, ಕೀವಿಲ್ಲದ ಕೆಂಪು ಕಣ್ಣು |
| ಬಿಳಿ ರಕ್ತಕಣ | ಸಾಮಾನ್ಯವಾಗಿ ಕಡಿಮೆ | ಸಹಜ ಅಥವಾ ಹೆಚ್ಚು | ಹೆಚ್ಚಾಗಿರುವುದು ಸಾಮಾನ್ಯ |
| ಯಕೃತ್ತು | ಕಿಣ್ವ ಏರಿಕೆ, ಕಾಮಾಲೆ ಅಪರೂಪ | ಕಿಣ್ವ ಏರಿಕೆ, ಕೆಲವರಲ್ಲಿ ಕಾಮಾಲೆ | ತೀವ್ರವಾದಾಗ ಬಿಲಿರುಬಿನ್ ಬಹಳ, ಕಿಣ್ವ ಅಷ್ಟಿಲ್ಲ |
| ಚಿಕಿತ್ಸೆ | ದ್ರವ, ಪ್ಯಾರಸಿಟಮಾಲ್ | ಡಾಕ್ಸಿಸೈಕ್ಲಿನ್ | ಸೌಮ್ಯಕ್ಕೆ ಡಾಕ್ಸಿಸೈಕ್ಲಿನ್, ತೀವ್ರಕ್ಕೆ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ |
| ಎಚ್ಚರ | ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು | ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ | ಮೂತ್ರಪಿಂಡ, ಶ್ವಾಸಕೋಶ |

ಕೆಲವು ಮನೆಗಳಲ್ಲಿ ‘ಸಾಮಾನ್ಯವಾಗಿ’, ‘ಕೆಲವರಲ್ಲಿ’ ಎಂಬ ಮಾತುಗಳು ಉಳಿದುಕೊಂಡಿವೆ. ಸಂಕ್ಷೇಪಿಸುವಾಗ ಮೊದಲು ಕಳಚಿ ಬೀಳುವುದು ಇವೇ, ಹೆಚ್ಚು ಹಾನಿ ಮಾಡುವುದೂ ಇವು ಬಿದ್ದಾಗಲೇ. ‘ಸ್ಕ್ರಬ್ ಟೈಫಸ್: ಕಪ್ಪು ಹಕ್ಕಳೆ’ ಎಂದಷ್ಟೇ ಬರೆದುಕೊಂಡವನು ಹಕ್ಕಳೆ ಕಾಣದಿದ್ದರೆ ಆ ರೋಗವನ್ನೇ ತಳ್ಳಿಹಾಕುತ್ತಾನೆ. ಆ ಹಕ್ಕಳೆಗೆ ನೋವಿರುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಅಡಿ, ಸ್ತನದ ಕೆಳಗೆ ಅಡಗಿರುವುದರಿಂದ ಬಟ್ಟೆ ಸರಿಸಿ ನೋಡದೆ ‘ಇಲ್ಲ’ ಎನ್ನುವಂತಿಲ್ಲ. ಖಾಲಿ ಮನೆಯೂ ಇಂಥದೇ ಸಮಸ್ಯೆ. ಆ ಲಕ್ಷಣ ಇರುವುದಿಲ್ಲವೆಂದೋ, ಉಪನ್ಯಾಸಕರು ಹೇಳಲಿಲ್ಲವೆಂದೋ ಓದುವವನಿಗೆ ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ಇಲ್ಲ’ ಎಂದು ಬರೆದು, ಎರಡನೆಯದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಠ್ಯಪುಸ್ತಕ ನೋಡಬೇಕು.

ಪರೀಕ್ಷೆಗಳ ಸಾಲನ್ನು ಮೇಲಿನ ಕೋಷ್ಟಕದಲ್ಲಿ ಸೇರಿಸಿಲ್ಲ. ಅದರಲ್ಲಿ ಪರೀಕ್ಷೆಯ ಹೆಸರಿನ ಜೊತೆ ಜ್ವರದ ದಿನವೂ ಇರಬೇಕಾದ್ದರಿಂದ ಅದನ್ನು ಪ್ರತ್ಯೇಕವಾಗಿ ಬರೆಯುವುದು ವಾಸಿ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಹೆಚ್ಚು ಉಪಯುಕ್ತವಾಗುವುದು ಮೊದಲ ಐದು ದಿನಗಳಲ್ಲಿ. ಐಜಿಎಂ ಪ್ರತಿಕಾಯಗಳು ಮೂರರಲ್ಲೂ ಮೊದಲ ವಾರದ ಕೊನೆಯ ಹೊತ್ತಿಗೆ ಸಿಗತೊಡಗುತ್ತವೆ. ದಿನ ನಮೂದಿಸದೆ ‘ಎನ್‌ಎಸ್‌1, ಐಜಿಎಂ’ ಎಂದು ಬರೆದರೆ ನೆಗೆಟಿವ್ ವರದಿಯ ಅರ್ಥವೇ ತಿಳಿಯದು.

ಒಬ್ಬ ಕಲ್ಪಿತ ರೋಗಿಯ ಮೇಲೆ ಕೋಷ್ಟಕವನ್ನು ಪ್ರಯೋಗಿಸಿ ನೋಡಬಹುದು. ಗದ್ದೆಯಲ್ಲಿ ನಾಟಿ ಮಾಡಿ ಬಂದ 38 ವರ್ಷದ ರೈತನಿಗೆ ಆರು ದಿನಗಳಿಂದ ಜ್ವರ. ಪ್ಲೇಟ್‌ಲೆಟ್ 62,000, ಎನ್‌ಎಸ್‌1 ನೆಗೆಟಿವ್. ಪ್ಲೇಟ್‌ಲೆಟ್ ಒಂದನ್ನೇ ನೋಡಿದವನು ಡೆಂಗಿ ಎನ್ನುತ್ತಾನೆ, ಎನ್‌ಎಸ್‌1 ಒಂದನ್ನೇ ನೋಡಿದವನು ಡೆಂಗಿ ಅಲ್ಲ ಎನ್ನುತ್ತಾನೆ. ಆರನೆಯ ದಿನಕ್ಕೆ ಎರಡೂ ಅವಸರದ ಮಾತುಗಳು. ಬಿಳಿ ರಕ್ತಕಣ 15,000, ಬಿಲಿರುಬಿನ್ 7, ಯಕೃತ್ತಿನ ಕಿಣ್ವಗಳು ನೂರರ ಆಸುಪಾಸು, ಕ್ರಿಯಾಟಿನಿನ್ 2.4 ಎಂದು ಉಳಿದ ವರದಿ ಬಂದಾಗ ಸಾಲುಗಳು ಒಂದೊಂದಾಗಿ ಬಲಗಡೆಯ ಕಂಬಸಾಲಿನತ್ತ ವಾಲುತ್ತವೆ. ಮೀನಖಂಡ ಒತ್ತಿದರೆ ಆತ ಕಾಲು ಎಳೆದುಕೊಳ್ಳುತ್ತಾನೆ. ಇಲಿ ಜ್ವರದ ಸಂಭವ ಹೆಚ್ಚು. ಕಾಮಾಲೆಯ ಜೊತೆ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರುವ ಈ ತೀವ್ರ ರೂಪವನ್ನು 1886ರಲ್ಲಿ ಅಡಾಲ್ಫ್ ವೈಲ್ ವರ್ಣಿಸಿದ್ದರು. ಆಸ್ಪತ್ರೆಗೆ ದಾಖಲಿಸಿಕೊಂಡು ಸೆಫ್ಟ್ರಿಯಾಕ್ಸೋನ್ ಶುರು ಮಾಡುವುದು ಸರಿ.

ಇಷ್ಟಕ್ಕೇ ನಿಂತರೆ ಕೋಷ್ಟಕವನ್ನು ಅರ್ಧ ಓದಿದಂತೆ. ಸ್ಕ್ರಬ್ ಟೈಫಸ್‌ನಲ್ಲೂ ಬಿಳಿ ರಕ್ತಕಣ ಏರಬಹುದು, ಕಾಮಾಲೆ ಬರಬಹುದು, ಮೂತ್ರಪಿಂಡ ಕೈಕೊಡಬಹುದು. ಹಕ್ಕಳೆ ಕಾಣಲಿಲ್ಲವೆಂದು ಅದನ್ನು ಬಿಡುವಂತಿಲ್ಲ. ಅದರ ‘ಎಚ್ಚರ’ದ ಮನೆಯಲ್ಲಿ ಸೆಫ್ಟ್ರಿಯಾಕ್ಸೋನ್ ನಾಟದು ಎಂದಿದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶ ಬರುವವರೆಗೆ ದಿನಕ್ಕೆರಡು ಬಾರಿ 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೂಡ ಸೇರಿಸುತ್ತಾರೆ. ರೋಗಿ ಗರ್ಭಿಣಿಯಾಗಿದ್ದರೆ ಅದರ ಬದಲು ಸಾಮಾನ್ಯವಾಗಿ ಅಜಿತ್ರೊಮೈಸಿನ್. ಸ್ಕ್ರಬ್ ಟೈಫಸ್‌ನ ಜ್ವರ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಟ್ಟ 48 ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ಪರಿಶೀಲಿಸಬೇಕು. ಡೆಂಗಿಯಲ್ಲಿ ಇದಕ್ಕೆ ತದ್ವಿರುದ್ಧ: ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಿ ರೋಗಿ ಅಪಾಯಕ್ಕೆ ಬೀಳಬಹುದು. ‘ಜ್ವರ ಇಳಿದಾಗ’ ಎಂಬ ಸಾಲನ್ನು ಉಪನ್ಯಾಸಕರು ಹೇಳದಿದ್ದರೂ ಸೇರಿಸಿಕೊಳ್ಳಬಹುದು.

ಕೋಷ್ಟಕ ಸರಿಯಾಗಿದೆಯೇ ಎಂದು ತಿಳಿಯಲು ರೋಗಗಳ ಹೆಸರನ್ನು ಮುಚ್ಚಿ ಸಹಪಾಠಿಗೆ ಕೊಡಬೇಕು. ಕೆಳಗಿನ ಮನೆಗಳಿಂದಲೇ ಕಂಬಸಾಲಿನ ಹೆಸರು ಹೇಳಲಾಗದಿದ್ದರೆ ಸಾಲುಗಳ ಆಯ್ಕೆ ತಪ್ಪಿದೆ. ಆದರೆ ಕಂಬಸಾಲುಗಳ ನಡುವಿನ ಗೆರೆ ಎರಡು ರೋಗಗಳು ಒಬ್ಬನಲ್ಲೇ ಇರಲಾರವೆಂಬ ಭ್ರಮೆ ಹುಟ್ಟಿಸುತ್ತದೆ, ಈ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಮಳೆಗಾಲದಲ್ಲಿ ಜೋಡಿ ಸೋಂಕು ಇದ್ದೇ ಇದೆ. ಮಲೇರಿಯಾಕ್ಕೆ ಇಲ್ಲಿ ಕಂಬಸಾಲು ಕೊಡದಿರುವುದಕ್ಕೆ ಕಾರಣ ಬೇರೆ. ರಕ್ತಲೇಪನ ಪರೀಕ್ಷೆ ಅದನ್ನು ನೇರವಾಗಿ ಹಿಡಿಯುತ್ತದೆ. ಆ ಪರೀಕ್ಷೆಯನ್ನಂತೂ ಮಾಡಿಸಲೇಬೇಕು.

ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ನಾಲ್ಕನೆಯ ಕಂಬಸಾಲಾಗಿ ಸೇರಿಸಿದರೆ ಸಾಲುಗಳನ್ನೇ ಮತ್ತೆ ಆರಿಸಬೇಕಾಗುತ್ತದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಅದರಲ್ಲಿ ಡೆಂಗಿಯಂತೆಯೇ ಇಳಿಯುವುದರಿಂದ ಬಿಳಿ ರಕ್ತಕಣದ ಸಾಲು ಈ ಎರಡನ್ನು ಬೇರ್ಪಡಿಸಲಾರದು. ಮೊದಲು ಅಳಿಸಿದ್ದ ‘ಋತು’ವಿಗೆ ಈಗ ಬೆಲೆ ಬರುತ್ತದೆ, ಏಕೆಂದರೆ ಉಣ್ಣೆಗಳಿಂದ ಹರಡುವ ಈ ರೋಗ ಮಳೆ ಹಿಂದೆ ಸರಿದ ಮೇಲೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ. ‘ಎಲ್ಲಿಂದ’ ಎಂಬ ಸಾಲಿನಲ್ಲಿ ಉಣ್ಣೆಯ ಜೊತೆಗೆ ಹತ್ತಿರದ ಕಾಡಿನಲ್ಲಿ ಮಂಗಗಳು ಸತ್ತಿವೆಯೇ ಎಂದೂ ಬರೆದುಕೊಳ್ಳಬೇಕು.