ನೇಯ್ಗೆ ಗಿರಣಿಯ ಗದ್ದಲ: ಒಂದು ವೈದ್ಯಕೀಯ ಪತ್ರದ ಹಿಂದಿನ 300 ವರ್ಷ

ಗಿರಣಿಯ ವೈದ್ಯಾಧಿಕಾರಿ ವ್ಯವಸ್ಥಾಪಕರಿಗೆ ಗದ್ದಲದ ಬಗ್ಗೆ ಬರೆಯುವ ಪತ್ರ ಸಾಮಾನ್ಯವಾಗಿ ಒಂದು ಪುಟ ಮೀರುವುದಿಲ್ಲ. ಮಾದರಿಗೆಂದು ಒಂದನ್ನು ಹೀಗೆ ಇಟ್ಟುಕೊಳ್ಳೋಣ: “ಮಾನ್ಯರೇ, ನೇಯ್ಗೆ ವಿಭಾಗದಲ್ಲಿ ನೇಕಾರರ ಕಿವಿಯ ಎತ್ತರದಲ್ಲಿ ಅಳೆದಾಗ ಶಬ್ದ 96 ಡೆಸಿಬೆಲ್ ಬಂದಿದೆ. 8 ಗಂಟೆಯ ಪಾಳಿಗೆ ಮಿತಿ 90. ಮಗ್ಗಗಳ ಸದ್ದು ತಗ್ಗಿಸುವ ಏರ್ಪಾಡು ಮೊದಲು ಆಗಬೇಕು. ಅದಾಗುವವರೆಗೆ ಎಲ್ಲರಿಗೂ ಇಯರ್‌ಪ್ಲಗ್ ಕೊಡಬೇಕು. ಈ ವಿಭಾಗದವರಿಗೆಲ್ಲ ವರ್ಷಕ್ಕೊಮ್ಮೆ, ಹೊಸಬರಿಗೆ ಸೇರುವಾಗಲೇ ಶ್ರವಣ ಪರೀಕ್ಷೆ ನಡೆಸಲು ಅನುಮತಿ ಕೋರುತ್ತೇನೆ.” ಇದರಲ್ಲಿನ ಒಂದೊಂದು ವಾಕ್ಯವೂ ಒಂದೊಂದು ಕಾಲದಲ್ಲಿ ಸಾಧ್ಯವಾದದ್ದು. ಗದ್ದಲದಿಂದ ಕಿವಿ ಹೋಗುತ್ತದೆ ಎನ್ನುವುದು ಗೊತ್ತಾಗಿ ಎಷ್ಟೋ ಕಾಲವಾದ ಮೇಲೆ ಅದನ್ನು ಅಳೆಯುವುದು ಬಂತು. ಕಾನೂನು ಬಂದದ್ದು ಅದಕ್ಕೂ ಬಹಳ ತಡವಾಗಿ.

ಗೊತ್ತಾದದ್ದು ಇಟಲಿಯಲ್ಲಿ. ಬೆರ್ನಾರ್ದಿನೊ ರಾಮಜ್ಜೀನಿ ಎಂಬ ವೈದ್ಯ 1700ರಲ್ಲಿ ಕಸುಬುಗಳ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದ ವಿಸ್ತೃತ ಆವೃತ್ತಿ 1713ರಲ್ಲಿ ಬಂತು. ವೆನಿಸ್‌ನಲ್ಲಿ ಒಂದೇ ಕೇರಿಯಲ್ಲಿ ಕೂತು ದಿನವಿಡೀ ತಾಮ್ರ ಬಡಿಯುತ್ತಿದ್ದವರ ಕಿವಿ ಮೊದಲು ಮಂದವಾಗಿ, ವಯಸ್ಸಾಗುತ್ತ ಪೂರ್ತಿ ಕಿವುಡಾಗುವುದನ್ನು ಅವರು ಗುರುತಿಸಿದ್ದರು. ಆದರೆ ಕಂಡದ್ದನ್ನು ಹೇಳಬಹುದಿತ್ತೇ ಹೊರತು, ಯಾರಿಗೆ ಎಷ್ಟು ಕೇಳಿಸುತ್ತಿಲ್ಲ ಎಂದು ಲೆಕ್ಕ ಕೊಡಲು ದಾರಿಯಿರಲಿಲ್ಲ.

ಆ ಲೆಕ್ಕಕ್ಕೆ ಕೈ ಹಾಕಿದವರು ಗ್ಲಾಸ್ಗೋದ ಕಿವಿ ವೈದ್ಯ ಥಾಮಸ್ ಬಾರ್. ಹಡಗು ಮತ್ತು ಬಾಯ್ಲರ್ ಕಟ್ಟುವ ಊರು ಅದು. 1886ರಲ್ಲಿ ಅವರು 100 ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದರು. ಕೈಯಲ್ಲಿದ್ದ ಉಪಕರಣ ಟಿಕ್ ಟಿಕ್ ಎನ್ನುವ ಒಂದು ಗಡಿಯಾರ. ಅದು ಎಷ್ಟು ದೂರದವರೆಗೆ ಕೇಳಿಸುತ್ತದೆ ಎನ್ನುವುದೇ ಅಳತೆ. ಅವರ ಜಾಣ್ಮೆ ಹೋಲಿಕೆಯಲ್ಲಿತ್ತು. ಕಬ್ಬಿಣದ ಅಚ್ಚು ಹೊಯ್ಯುವವರನ್ನೂ ಅಂಚೆಯವರನ್ನೂ ಅದೇ ಗಡಿಯಾರದಿಂದ ಪರೀಕ್ಷಿಸಿದರು. ಅಂಚೆಯವರಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಕೇಳಿಸುತ್ತಿತ್ತು, ಅಚ್ಚಿನವರಿಗೆ ತುಸು ಕಡಿಮೆ. ಬಾಯ್ಲರ್‌ನವರಲ್ಲಿ ಸರಿಯಾಗಿ ಕೇಳುವವರು ಒಬ್ಬರೂ ಇರಲಿಲ್ಲ. ರಿವೆಟ್ ಬಡಿಯುವಾಗ ಬಾಯ್ಲರ್‌ನ ಒಳಗೆ ಕೂತು ಅದನ್ನು ಹಿಡಿದುಕೊಳ್ಳುವವರ ಸ್ಥಿತಿಯಂತೂ ಎಲ್ಲರಿಗಿಂತ ಕೆಟ್ಟದಾಗಿತ್ತು. ವಯಸ್ಸಾಯಿತು, ಶೀತವಾಯಿತು ಎಂಬ ಸಬೂಬಿಗೆ ಈ ಹೋಲಿಕೆಯೇ ಉತ್ತರವಾಯಿತು. ಇಂದಿಗೂ ಒಳ್ಳೆಯ ವೈದ್ಯಾಧಿಕಾರಿ ನೇಯ್ಗೆಯವರ ಫಲಿತಾಂಶದ ಪಕ್ಕಕ್ಕೆ ಅದೇ ಗಿರಣಿಯ ಕಚೇರಿ ಸಿಬ್ಬಂದಿಯ ಫಲಿತಾಂಶವನ್ನು ಇಡುತ್ತಾರೆ.

1920ರ ದಶಕದಲ್ಲಿ ವಿದ್ಯುತ್ ಆಡಿಯೋಮೀಟರ್ ಬಂದ ಮೇಲೆ ಗಡಿಯಾರದ ಕಾಲ ಮುಗಿಯಿತು. ಬೇರೆ ಬೇರೆ ಸ್ವರದ ನಾದವನ್ನು ಒಂದೊಂದಾಗಿ ಕೇಳಿಸಿ, ಪ್ರತಿಯೊಂದೂ ಎಷ್ಟು ಡೆಸಿಬೆಲ್‌ಗೆ ಕಿವಿಗೆ ಬಿತ್ತು ಎಂದು ಗುರುತಿಸುವುದೇ ಆಡಿಯೋಗ್ರಾಂ. ಇದರಿಂದ ಒಂದು ಅಚ್ಚರಿಯ ಸಂಗತಿ ಬೆಳಕಿಗೆ ಬಂತು. ಗದ್ದಲ ಎಂಥದ್ದೇ ಆಗಿರಲಿ, ಮೊದಲ ಪೆಟ್ಟು ಬೀಳುವುದು 4000 ಹರ್ಟ್ಜ್‌ನ ಆಸುಪಾಸಿಗೆ.

ನಮ್ಮ ಮಾದರಿ ಗಿರಣಿಯ ಒಬ್ಬ ನೇಕಾರನ ಆಡಿಯೋಗ್ರಾಂ ಹೀಗಿದೆ ಎನ್ನೋಣ: 500 ಮತ್ತು 1000 ಹರ್ಟ್ಜ್‌ನಲ್ಲಿ 15 ಡೆಸಿಬೆಲ್, 2000ದಲ್ಲಿ 20, 4000ದಲ್ಲಿ ಇದ್ದಕ್ಕಿದ್ದಂತೆ 55, 8000ದಲ್ಲಿ ಮತ್ತೆ 30. ಅಂಕಿ ಹೆಚ್ಚಾದಷ್ಟೂ ಕೇಳುವಿಕೆ ಕಡಿಮೆ. ಗೆರೆ 4000ದಲ್ಲಿ ಕುಸಿದು 8000ದಲ್ಲಿ ಮೇಲೇಳುತ್ತದೆ. ವಯಸ್ಸಿನಿಂದ ಕಿವಿ ಮಂದವಾದವರ ಗೆರೆ ಹೀಗೆ ಏಳುವುದಿಲ್ಲ, ಕೊನೆಯವರೆಗೂ ಇಳಿಯುತ್ತಲೇ ಹೋಗುತ್ತದೆ. ಎರಡೂ ಕಿವಿಯಲ್ಲಿ ಇದೇ ತಗ್ಗು ಕಂಡರೆ ಗದ್ದಲದ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಕಿವಿಯಲ್ಲಿದ್ದರೆ ಬೇರೆ ಕಾರಣ ಹುಡುಕಬೇಕು. ತಗ್ಗು ಕೆಲವರಲ್ಲಿ 3000ದಲ್ಲೋ 6000ದಲ್ಲೋ ಇರುವುದರಿಂದ ಆ ಎರಡನ್ನೂ ಪರೀಕ್ಷೆಯಲ್ಲಿ ಬಿಡಬಾರದು.

ಈ ಹಂತದಲ್ಲಿ ನೇಕಾರನನ್ನು ಕೇಳಿದರೆ “ಕಿವಿ ಚೆನ್ನಾಗೇ ಇದೆ ಸರ್” ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಮಾತಿನ ಸ್ವರಗಳು ಕೆಳಗಿನ ಹರ್ಟ್ಜ್‌ಗಳಲ್ಲಿರುವುದರಿಂದ ಅವನಿಗೆ ದನಿ ಕೇಳಿಸುತ್ತದೆ. ಜಾರುವುದು ಸ, ಶದಂಥ ಸಣ್ಣ ಸದ್ದಿನ ವ್ಯಂಜನಗಳು. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುವಾಗ “ಕೇಳಿಸುತ್ತೆ, ಆದರೆ ಏನಂದರು ಅಂತ ಗೊತ್ತಾಗಲ್ಲ” ಎಂಬ ದೂರು ಶುರುವಾಗುತ್ತದೆ. ಒಳಗಿವಿಯಲ್ಲಿ ಸತ್ತ ಕೇಶಕೋಶಗಳು ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ಔಷಧಿಯೂ ಇಲ್ಲ. ಹಾಗಾಗಿ ದೂರು ಬರುವವರೆಗೆ ಕಾಯುವುದೆಂದರೆ ಹಾನಿ ಪೂರ್ತಿಯಾಗಲಿ ಎಂದು ಕಾದಂತೆಯೇ.

ಈ ಹಾನಿ ಎಷ್ಟು ವರ್ಷಕ್ಕೆ ಎಷ್ಟಾಗುತ್ತದೆ ಎಂಬುದಕ್ಕೆ ಖಚಿತ ಉತ್ತರ ಸಿಕ್ಕಿದ್ದು ನೇಯ್ಗೆಯವರಿಂದಲೇ. ಸ್ಕಾಟ್ಲೆಂಡಿನ ಡಂಡಿ ಊರು ಬಂಗಾಳದ ಸೆಣಬನ್ನು ತರಿಸಿಕೊಂಡು ಬೆಳೆದದ್ದು. ಅಲ್ಲಿನ ಗಿರಣಿಗಳಲ್ಲಿ ಒಂದೇ ಬಗೆಯ ಮಗ್ಗಗಳ ಮುಂದೆ ಹೆಣ್ಣುಮಕ್ಕಳು ದಶಕಗಟ್ಟಲೆ ನಿಂತು ನೇಯ್ದಿದ್ದರು. ಮಗ್ಗ ಬದಲಾಗದ್ದರಿಂದ ಗದ್ದಲವೂ ಬದಲಾಗಿರಲಿಲ್ಲ. ಮಾತು ಕೇಳದ ಆ ಶೆಡ್ಡುಗಳಲ್ಲಿ ಅವರು ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಿದ್ದರು. ವಿಲಿಯಂ ಟೇಲರ್ ಮತ್ತು ಸಂಗಡಿಗರು ಹೊಸಬರನ್ನೂ ನಿವೃತ್ತರನ್ನೂ ಪರೀಕ್ಷಿಸಿ 1965ರಲ್ಲಿ ಫಲಿತಾಂಶ ಪ್ರಕಟಿಸಿದರು. 4000 ಹರ್ಟ್ಜ್‌ನ ಕುಸಿತ ಬಹುಪಾಲು ಮೊದಲ 10-15 ವರ್ಷದಲ್ಲೇ ಆಗಿಹೋಗುತ್ತಿತ್ತು. 20-25 ವರ್ಷ ದಾಟಿದ ಮೇಲೆ ಮಾತಿಗೆ ಬೇಕಾದ ಕೆಳಗಿನ ಹರ್ಟ್ಜ್‌ಗಳೂ ಕುಸಿಯುತ್ತಿದ್ದವು. ಹೊಸದಾಗಿ ಸೇರುವವರಿಗೆ ಕೂಡಲೇ ಪರೀಕ್ಷೆ ಬೇಕೆಂದು ಪತ್ರ ಒತ್ತಾಯಿಸುವುದು ಈ ಕಾರಣಕ್ಕೆ. ಹತ್ತು ವರ್ಷ ಆದವರಿಂದ ಶುರು ಮಾಡಿದರೆ ಉಳಿಸಿಕೊಳ್ಳಲು ಸಾಧ್ಯವಿದ್ದ ಕಾಲ ಆಗಲೇ ಕಳೆದುಹೋಗಿರುತ್ತದೆ.

ಅದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಪರೀಕ್ಷೆ ಮಾಡಬಲ್ಲವರನ್ನು ತಯಾರು ಮಾಡುವ ಕೆಲಸ ನಮ್ಮಲ್ಲಿ ಹೆಚ್ಚು ತಡವಾಗಲಿಲ್ಲ, ಕಾನೂನು ತಡವಾಯಿತು. 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಗದ್ದಲದ ಕಿವುಡು ಸೇರಿದ್ದು ಎಷ್ಟೋ ವರ್ಷಗಳ ನಂತರದ ತಿದ್ದುಪಡಿಯ ಕಾಲಕ್ಕೆ. ಈ ಕಾಯ್ದೆಯ ಮಾದರಿ ನಿಯಮಗಳು 8 ಗಂಟೆಗೆ 90 ಡೆಸಿಬೆಲ್ ಮಿತಿ ಹಾಕಿ, 95 ಇದ್ದರೆ 4 ಗಂಟೆ, 100 ಇದ್ದರೆ 2 ಗಂಟೆ ಎನ್ನುತ್ತವೆ. ಅಂದರೆ ಪ್ರತಿ 5 ಡೆಸಿಬೆಲ್‌ಗೆ ಸಮಯ ಅರ್ಧ. ಈ ಲೆಕ್ಕದಲ್ಲಿ ನಮ್ಮ 96 ಡೆಸಿಬೆಲ್ ಶೆಡ್ಡಿನಲ್ಲಿ ಸುಮಾರು ಮೂರೂವರೆ ಗಂಟೆ ನಿಲ್ಲಬಹುದು. ಆದರೆ 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ದ್ವಿಗುಣವಾಗುತ್ತದೆ. ಆ ಕಾರಣಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ 1998ರಲ್ಲಿ 85 ಡೆಸಿಬೆಲ್ ಮಿತಿಯನ್ನೂ 3 ಡೆಸಿಬೆಲ್‌ಗೆ ಅರ್ಧ ಸಮಯದ ಲೆಕ್ಕವನ್ನೂ ಶಿಫಾರಸು ಮಾಡಿತು. ಅದರಂತೆ ಇದೇ ಶೆಡ್ಡಿನಲ್ಲಿ ನಿಲ್ಲಬಹುದಾದ ಸಮಯ 40 ನಿಮಿಷವೂ ಇಲ್ಲ. ವೈದ್ಯಾಧಿಕಾರಿ ಕಾನೂನಿನ ಅಂಕಿಯನ್ನು ಬರೆಯಲೇಬೇಕು. ಕೆಳಗೆ ಈ ಇನ್ನೊಂದು ಅಂಕಿಯನ್ನೂ ಬರೆಯುವುದು ಅವರ ಕರ್ತವ್ಯ ಎಂದೇ ನನ್ನ ಅಭಿಪ್ರಾಯ.

ಪತ್ರದಲ್ಲಿ ಸದ್ದು ತಗ್ಗಿಸುವ ಮಾತು ಮೊದಲು, ಇಯರ್‌ಪ್ಲಗ್ ಆಮೇಲೆ. ಕಾರ್ಖಾನೆಗಳಲ್ಲಿ ನಡೆಯುವುದು ಸಾಮಾನ್ಯವಾಗಿ ತಿರುಗುಮುರುಗು, ಏಕೆಂದರೆ ಪ್ಲಗ್ ಅಗ್ಗ. ಅದರ ಮಿತಿಯನ್ನು ಒಂದು ಲೆಕ್ಕ ತೋರಿಸುತ್ತದೆ. 30 ಡೆಸಿಬೆಲ್ ತಡೆಯುವ ಪ್ಲಗ್ಗನ್ನು 8 ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೆ ಇಡೀ ಪಾಳಿಗೆ ಸಿಗುವ ರಕ್ಷಣೆ ಸುಮಾರು 12ಕ್ಕೆ ಇಳಿಯುತ್ತದೆ. ಅರ್ಧ ಪಾಳಿ ತೆಗೆದರೆ ಉಳಿಯುವುದು ಬರೀ 3. ಸೆಕೆಗೆ ಕಿವಿ ಬೆವರಿ, ಮೇಸ್ತ್ರಿ ಕೂಗಿದ್ದು ಕೇಳದೆ, ಎಲ್ಲರೂ ಅದನ್ನು ಆಗಾಗ ತೆಗೆಯುತ್ತಾರೆ.

ಸದ್ದು ತಗ್ಗಿಸುವುದೂ ಸುಲಭವಲ್ಲ, ಪತ್ರ ಅದನ್ನು ಮುಚ್ಚಿಡಬಾರದು. ಲಾಳಿ ಮಗ್ಗದ ಗದ್ದಲದ ಬಹುಪಾಲು ಪಿಕ್ಕರ್ ಲಾಳಿಯನ್ನು ಹೊಡೆದಟ್ಟುವ, ಆ ಕಡೆಯ ಪೆಟ್ಟಿಗೆ ಅದನ್ನು ತಡೆದು ನಿಲ್ಲಿಸುವ ಬಡಿತದಿಂದ ಬರುವುದು. ಸವೆದ ಗೇರು, ಸಡಿಲ ಬೋಲ್ಟು ಇದಕ್ಕೆ ಸೇರಿಕೊಳ್ಳುತ್ತವೆ. ಅವನ್ನು ಸರಿಪಡಿಸುವುದು ಮೊದಲ ಕೆಲಸ. ಅಡಿಗೆ ರಬ್ಬರ್ ಪ್ಯಾಡ್ ಹಾಕಿದರೆ ನೆಲದ ಅದುರು ಕಡಿಮೆಯಾದೀತು, ಗಾಳಿಯಲ್ಲಿ ಬರುವ ಸದ್ದು ಅಷ್ಟಾಗಿ ಇಳಿಯುವುದಿಲ್ಲ. ಚಾವಣಿಗೆ ಶಬ್ದ ಹೀರುವ ಹಲಗೆ ಬಡಿದರೆ ಮೂಲೆಯಲ್ಲಿರುವವರಿಗೆ ಹಿತ; ತನ್ನ ಮಗ್ಗಕ್ಕೆ ಒಂದು ಮೊಳ ದೂರದಲ್ಲಿ ನಿಂತವನಿಗೆ ಲಾಭ ಅಲ್ಪ. ಶೆಡ್ಡಿನ ಅರ್ಧ ಮಗ್ಗಗಳನ್ನು ನಿಲ್ಲಿಸಿದರೂ ಒಟ್ಟಾರೆ 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ನಿಜವಾದ ವ್ಯತ್ಯಾಸ ಬರುವುದು ಹಳೆಯ ಮಗ್ಗಗಳ ಬದಲಿಗೆ ಹೊಸವು ಬರುವಾಗ. ಲಾಳಿಯಿಲ್ಲದ ಮಗ್ಗವೂ ವೇಗ ಹೆಚ್ಚಾದರೆ ಗದ್ದಲ ಮಾಡುತ್ತದೆ. ಆದ್ದರಿಂದ ಖರೀದಿ ಆದೇಶದಲ್ಲೇ ಡೆಸಿಬೆಲ್ ಮಿತಿ ನಮೂದಿಸಿ ಎಂಬ ಒಂದು ಸಾಲು ಪತ್ರದಲ್ಲಿದ್ದರೆ, ಅದು ನೂರು ಪ್ಲಗ್ಗಿಗಿಂತ ಹೆಚ್ಚು ಕಿವಿ ಉಳಿಸುತ್ತದೆ.

ಪರೀಕ್ಷೆಯೂ ಕೆಡಬಹುದು. ಪಾಳಿ ಮುಗಿದ ಕೂಡಲೇ ಕೂರಿಸಿದರೆ ದಣಿದ ಕಿವಿಯ ತಾತ್ಕಾಲಿಕ ಮಂದವೂ ಲೆಕ್ಕಕ್ಕೆ ಬರುತ್ತದೆ. ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿದ್ದವರನ್ನು, ಅಂದರೆ ವಾರದ ರಜೆಯ ಮರುದಿನ ಬೆಳಗ್ಗೆ ಪಾಳಿಗೆ ಮೊದಲು, ಪರೀಕ್ಷಿಸಬೇಕು. ಗಿರಣಿಯ ದವಾಖಾನೆಯ ಗೋಡೆ ದಾಟಿ ಮಗ್ಗದ ಸದ್ದು ಬರುತ್ತಿದ್ದರೆ ಅದೂ ಗೊತ್ತಾಗುತ್ತದೆ: ಬಂದವರಿಗೆಲ್ಲ 500 ಹರ್ಟ್ಜ್‌ನಲ್ಲಿ ಒಂದೇ ಬಗೆಯ ಕೊರತೆ ಕಂಡರೆ ದೋಷ ಕಿವಿಯದಲ್ಲ, ಕೋಣೆಯದು. ಇದಕ್ಕಿಂತ ದೊಡ್ಡ ಕೇಡೆಂದರೆ ಭಯ. ಫಲಿತಾಂಶ ಕೆಟ್ಟರೆ ಕೆಲಸ ಹೋಗುತ್ತದೆ ಎಂದುಕೊಂಡವರು ಪರೀಕ್ಷೆಗೇ ಬರುವುದಿಲ್ಲ. ವರದಿಯಲ್ಲಿ ಹೆಸರು ಬೇಡ, ವಿಭಾಗ ಬದಲಿಸಿದರೂ ಕೂಲಿ ಇಳಿಸಬಾರದು ಎಂದು ಪತ್ರದಲ್ಲೇ ಬರೆದಿರಬೇಕು.

ಪತ್ರದ ಮೇಲಿನ ತಾರೀಖಿಗೂ ಬೆಲೆಯಿದೆ. ಇಂಗ್ಲೆಂಡಿನ ನಾರ್ತ್ ಶೀಲ್ಡ್ಸ್‌ನ ಹಡಗು ದುರಸ್ತಿ ಕೆಲಸಗಾರರ ಮೊಕದ್ದಮೆಯಲ್ಲಿ 1984ರಲ್ಲಿ ನ್ಯಾಯಾಲಯ ಕೇಳಿಕೊಂಡ ಮುಖ್ಯ ಪ್ರಶ್ನೆ, ಮಾಲೀಕರಿಗೆ ಇದು ಯಾವಾಗ ಗೊತ್ತಿರಬೇಕಿತ್ತು ಎಂಬುದು. ಅಲ್ಲಿನ ಕಾರ್ಮಿಕ ಇಲಾಖೆ ಗದ್ದಲದ ಬಗ್ಗೆ ಕಿರುಪುಸ್ತಿಕೆ ಹೊರತಂದದ್ದು 1963ರಲ್ಲಿ. ಆಮೇಲಿನ ಹಾನಿಗೆ ಪರಿಹಾರ ಸಿಕ್ಕಿತು, ಅದಕ್ಕೂ ಮೊದಲು ಹೋದ ಕಿವಿಗೆ ಸಿಗಲಿಲ್ಲ. ಗೊತ್ತಿರಲಿಲ್ಲ ಎಂಬ ಮಾತಿಗೆ ಎಡೆಯಿಲ್ಲದಂತೆ ಮಾಡಲು ವೈದ್ಯಾಧಿಕಾರಿಯ ಪತ್ರ ಸಾಕು. ಅದರ ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳುವುದು ಕಾರ್ಮಿಕರಿಗಾಗಿ ಮಾಡುವ ಕೆಲಸವೇ.

ಇಷ್ಟೆಲ್ಲ ನಡೆಯುವುದು ವೈದ್ಯಾಧಿಕಾರಿಯೂ ವ್ಯವಸ್ಥಾಪಕರೂ ಇರುವ ಕಡೆ. ದೊಡ್ಡಬಳ್ಳಾಪುರದ ಕೇರಿಗಳಲ್ಲಿ ಮನೆಯ ಹಜಾರದಲ್ಲೇ ಎರಡೋ ನಾಲ್ಕೋ ಪವರ್‌ಲೂಮ್ ಓಡುತ್ತವೆ. ಮಗ್ಗದ ಪಕ್ಕದಲ್ಲೇ ಅಡುಗೆ, ಮಕ್ಕಳ ಓದು, ನಿದ್ದೆ. ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು 1948ರ ಕಾಯ್ದೆಯಲ್ಲಿ 10 ಕೆಲಸಗಾರರು ಬೇಕಿತ್ತು, ಅದರ ಬದಲಿಗೆ ಬಂದ 2020ರ ಸಂಹಿತೆಯಲ್ಲಿ 20. ಹೊಸ ಸಂಹಿತೆಯ ಕಾಯಿಲೆಗಳ ಪಟ್ಟಿಯಲ್ಲೂ ಗದ್ದಲದ ಕಿವುಡಿದೆ, ಆದರೆ ಆ ಹಜಾರಗಳಲ್ಲಿ ಶಬ್ದ ಅಳೆಯುವ ಹೊಣೆ ಯಾರ ಮೇಲೂ ಇಲ್ಲ. ಅಲ್ಲಿನ ನೇಕಾರರಿಗೆ ಆಡಿಯೋಮೀಟರ್ ತಲುಪಬೇಕಾದರೆ ಅದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೋ ನೇಕಾರರ ಸಹಕಾರ ಸಂಘದ ಮೂಲಕವೋ ಬರಬೇಕು. ವೈದ್ಯರ ಪತ್ರವನ್ನು ಅಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬೇಕಾಗುತ್ತದೆ.